ಎಸಿ ಸರ್ವಿಸ್ ಅಂಗಡಿಗೆ ಆ್ಯಪ್ ಬೇಕೋ, ವೆಬ್‌ಸೈಟ್ ಸಾಕೋ: ನನ್ನ ಅನುಭವ

ಮಂಗಳೂರಿನ ಕೊಟ್ಟಾರ ಚೌಕಿಯ ಹತ್ತಿರ ನನ್ನದೊಂದು ಎಸಿ ಮತ್ತು ಫ್ರಿಡ್ಜ್ ಸರ್ವಿಸ್ ಅಂಗಡಿ ಇದೆ. ನಾನು ಮತ್ತು ಮೂವರು ಹುಡುಗರು ಸೇರಿ ಸುರತ್ಕಲ್‌ನಿಂದ ಉಳ್ಳಾಲದವರೆಗಿನ ಮನೆಗಳ ಕೆಲಸವನ್ನು ನೋಡಿಕೊಳ್ಳುತ್ತೇವೆ. ಎರಡು ವರ್ಷಗಳ ಹಿಂದೆ, ಗ್ರಾಹಕರು ಫೋನಿನಲ್ಲೇ ಸಮಯ ಗೊತ್ತುಮಾಡಿಕೊಳ್ಳುವಂತೆ ಒಂದು ಆ್ಯಪ್ ಮಾಡಿಸಬೇಕೆಂಬ ಆಸೆ ನನಗೆ ಬಂದಿತ್ತು. ಅದಕ್ಕಾಗಿ ನಾನು ತೆಗೆದಿರಿಸಿದ್ದ ಹಣ ಅರುವತ್ತು ಸಾವಿರ ರೂಪಾಯಿ. ವಿಚಾರಿಸಿದ ಕಡೆ ಹೇಳಿದ ಮೊತ್ತ ಒಂದು ಲಕ್ಷ ಎಂಬತ್ತು ಸಾವಿರ, ಅದರ ಮೇಲೆ ಪ್ರತಿ ವರ್ಷ ನಿರ್ವಹಣೆಯ ಹಣ ಬೇರೆ. ಸಾಲ ಮಾಡಿಯಾದರೂ ಮಾಡಿಸೋಣವೆಂದು ಹೊರಟವನನ್ನು ತಡೆದದ್ದು ನಮ್ಮದೇ ಅಂಗಡಿಯ ಕೆಲಸದ ಪುಸ್ತಕ.

ಆ ಪುಸ್ತಕದಲ್ಲಿ ಪ್ರತಿ ಕೆಲಸದ ದಿನಾಂಕ, ಗ್ರಾಹಕರ ಹೆಸರು ಮತ್ತು ಜಾಗ ಇರುತ್ತದೆ. ಒಂದು ಭಾನುವಾರ ಕುಳಿತು, ಒಬ್ಬೊಬ್ಬ ಗ್ರಾಹಕರು ವರ್ಷಕ್ಕೆ ಎಷ್ಟು ಸಲ ನಮ್ಮನ್ನು ಕರೆದಿದ್ದಾರೆಂದು ಎಣಿಸಿದೆ. ಹೆಚ್ಚಿನವರದು ಒಂದೇ ಸಲ, ಅದೂ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಸೆಕೆ ಶುರುವಾದಾಗ. ಪಣಂಬೂರು, ಸುರತ್ಕಲ್ ಕಡೆಯ ಕಡಲ ಬದಿಯ ಮನೆಗಳವರು ಮಾತ್ರ ಎರಡು ಸಲ ಕರೆಯುತ್ತಿದ್ದರು, ಏಕೆಂದರೆ ಅಲ್ಲಿ ಉಪ್ಪುಗಾಳಿ ಹೊರಗಿನ ಯೂನಿಟ್‌ನ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಬೇಗನೆ ತಿಂದುಹಾಕುತ್ತದೆ. ವರ್ಷಕ್ಕೆ ಎರಡೇ ಸಲ ಬೇಕಾಗುವ ಆ್ಯಪನ್ನು ಫೋನಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಜಾಗ ತುಂಬಿದೆಯೆಂದು ಫೋನ್ ಹೇಳಿದ ದಿನ ಮೊದಲು ಹೋಗುವುದು ಅಂಥದ್ದೇ. ಕದ್ರಿಯ ಒಬ್ಬ ಹಳೆಯ ಗ್ರಾಹಕರನ್ನು ಕೇಳಿದಾಗ ಅವರು, "ಆ್ಯಪ್ ಎಲ್ಲ ಯಾಕೆ ಮಾರಾಯ್ರೇ, ನಿಮ್ಮ ನಂಬರ್ ಉಂಟಲ್ಲ, ಅದು ಸಾಕು" ಎಂದರು.

ನಂತರದ ಒಂದು ತಿಂಗಳು, ಕರೆ ಮಾಡಿದ ಪ್ರತಿ ಹೊಸಬರಲ್ಲಿ ನಮ್ಮ ನಂಬರ್ ಎಲ್ಲಿ ಸಿಕ್ಕಿತೆಂದು ಕೇಳಿ ಪುಸ್ತಕದ ಅಂಚಿನಲ್ಲಿ ಬರೆದಿಟ್ಟೆ. ಉತ್ತರಗಳು ಮುಖ್ಯವಾಗಿ ಎರಡು: ಪಕ್ಕದ ಮನೆಯವರು ಕೊಟ್ಟದ್ದು, ಇಲ್ಲವೇ ಗೂಗಲ್ ಮ್ಯಾಪಿನಲ್ಲಿ ಸಿಕ್ಕಿದ್ದು. ಹೊಸ ಗ್ರಾಹಕರು ಮೆಕ್ಯಾನಿಕ್‌ನನ್ನು ಹುಡುಕಲು ಪ್ಲೇಸ್ಟೋರ್‌ಗೆ ಹೋಗುವುದಿಲ್ಲ, ಗೂಗಲ್‌ಗೆ ಹೋಗುತ್ತಾರೆ. ಆದ್ದರಿಂದ ಆ್ಯಪ್ ಇದ್ದರೂ ಅದನ್ನು ಹಾಕಿಕೊಳ್ಳುವಂತೆ ಹೇಳಲು ಮತ್ತೊಂದು ವೆಬ್‌ಸೈಟ್ ಬೇಕೇ ಆಗುತ್ತಿತ್ತು.

ಮೊದಲು ಹೇಳಿದ ಮೊತ್ತದಲ್ಲಿ ಸೇರದ ಖರ್ಚುಗಳೂ ಇದ್ದವು. ಗೂಗಲ್ ಪ್ಲೇ ಖಾತೆಗೆ ಒಮ್ಮೆ ಮಾತ್ರ 25 ಡಾಲರ್ ಕಟ್ಟಿದರೆ ಸಾಕು, ಆದರೆ ಐಫೋನಿನವರಿಗೂ ಕೊಡಬೇಕಾದರೆ ಆ್ಯಪಲ್‌ಗೆ ವರ್ಷ ವರ್ಷವೂ 99 ಡಾಲರ್ ಕಟ್ಟಬೇಕು. ಸ್ವಂತ ಹೆಸರಿನಲ್ಲಿ ಹೊಸದಾಗಿ ಪ್ಲೇ ಖಾತೆ ತೆರೆದವರು, ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಹದಿನಾಲ್ಕು ದಿನ ನಿರಂತರವಾಗಿ ಕೆಲವು ಜನರಿಂದ ಪರೀಕ್ಷೆ ಮಾಡಿಸಬೇಕು. ಇವೆಲ್ಲಕ್ಕಿಂತ ನನಗೆ ಭಾರವೆನಿಸಿದ್ದು ಬೇರೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಬಂದಂತೆ ಆ್ಯಪನ್ನು ಅವುಗಳಿಗೆ ಹೊಂದಿಸುತ್ತಿರಬೇಕು, ಹಾಗೆ ಮಾಡದಿದ್ದರೆ ಹೊಸ ಫೋನ್ ಕೊಂಡವರಿಗೆ ಅದು ಸ್ಟೋರ್‌ನಲ್ಲಿ ಕಾಣಿಸದೇ ಹೋಗುತ್ತದೆ. ಅಂದರೆ ನಮ್ಮ ಅಂಗಡಿಯಲ್ಲಿ ಏನೂ ಬದಲಾಗದಿದ್ದರೂ ಮಾಡಿಕೊಟ್ಟವರಿಗೆ ಹಣ ಕೊಡುತ್ತಲೇ ಇರಬೇಕು.

ಹೀಗಾಗಿ ಇಪ್ಪತ್ತೆರಡು ಸಾವಿರಕ್ಕೆ ಒಂದೇ ಪುಟದ ವೆಬ್‌ಸೈಟ್ ಮಾಡಿಸಿದೆ. ಅದರಲ್ಲಿ ನಾವು ಹೋಗುವ ಜಾಗಗಳ ಹೆಸರು, ಸರ್ವಿಸ್ ಮತ್ತು ಗ್ಯಾಸ್ ತುಂಬಿಸುವ ದರ, ನಮ್ಮ ಹುಡುಗರು ತೊಳೆದ ಒಂದು ಹೊರ ಯೂನಿಟ್‌ನ ಮೊದಲಿನ ಮತ್ತು ಅನಂತರದ ಚಿತ್ರ, ಮತ್ತು ಕರೆಗೊಂದು, ವಾಟ್ಸ್ಆ್ಯಪ್‌ಗೊಂದು ಎಂದು ಒತ್ತುವ ಎರಡು ದೊಡ್ಡ ಗುಂಡಿಗಳು ಇವೆ. ದರವನ್ನು ತೋರಿಸಬೇಡಿ ಎಂದವರು ಹಲವರು, ಆದರೆ ತೋರಿಸಿದ ಮೇಲೆ ಬರೀ ದರ ಕೇಳಿ ಇಡುವ ಕರೆಗಳು ಕಡಿಮೆಯಾದವು. ಊರಿನ ಹೆಸರನ್ನು ಮಂಗಳೂರು ಎಂದು ಕನ್ನಡದಲ್ಲೂ, Mangaluru ಮತ್ತು Mangalore ಎಂದು ಇಂಗ್ಲಿಷ್ ಅಕ್ಷರದಲ್ಲೂ ಬರೆಸಿದೆ, ಏಕೆಂದರೆ ಜನ ಈಗಲೂ ಮೂರೂ ರೀತಿ ಹುಡುಕುತ್ತಾರೆ. ಗೂಗಲ್‌ನ ಮ್ಯಾಪಿನಲ್ಲಿ ಅಂಗಡಿಯನ್ನು ತೋರಿಸುವ ಬಿಸಿನೆಸ್ ಪ್ರೊಫೈಲನ್ನು, ಅದು ಉಚಿತವಾದ್ದರಿಂದ, ನಾನೇ ತುಂಬಿಸಿ ವೆಬ್‌ಸೈಟಿನ ವಿಳಾಸವನ್ನು ಅದಕ್ಕೆ ಜೋಡಿಸಿದೆ.

ಗುಂಡಿಗಳ ಹಿಂದೆ ಇರುವುದು ಇಷ್ಟೇ:

```
<a href="tel:+91XXXXXXXXXX">ಕರೆ ಮಾಡಿ</a>
<a href="https://wa.me/91XXXXXXXXXX?text=AC%20service%20beku">
ವಾಟ್ಸ್ಆ್ಯಪ್ ಮಾಡಿ</a>
```

ಎರಡನೆಯದನ್ನು ಒತ್ತಿದರೆ "AC service beku" ಎಂದು ಮೊದಲೇ ಬರೆದಿರುವ ಸಂದೇಶ ತೆರೆಯುತ್ತದೆ, ಗ್ರಾಹಕರು ಜಾಗದ ಹೆಸರು ಸೇರಿಸಿ ಕಳುಹಿಸಿದರೆ ಆಯಿತು. ಈ ಗುಂಡಿಯೇ ನನಗೆ ಮೂರು ವಾರದ ಕೆಲಸವನ್ನು ಕಳೆದದ್ದು. ಪುಟಕ್ಕೆ ಜನ ಬರುತ್ತಿದ್ದುದು ಲೆಕ್ಕದಲ್ಲಿ ಕಾಣುತ್ತಿತ್ತು, ಕರೆಗಳೂ ಬರುತ್ತಿದ್ದವು, ಆದರೆ ಒಂದೇ ಒಂದು ವಾಟ್ಸ್ಆ್ಯಪ್ ಸಂದೇಶ ಬಂದಿರಲಿಲ್ಲ. ಕೊನೆಗೆ ತಂಗಿಯ ಫೋನಿನಿಂದ ಒತ್ತಿ ನೋಡಿದಾಗ ಗೊತ್ತಾಯಿತು: 91 ಆದ ಮೇಲೆ ಒಂದು ಸೊನ್ನೆ ಸೇರಿಕೊಂಡಿತ್ತು. ಅಲ್ಲಿ ದೇಶದ ಸಂಖ್ಯೆ ಮತ್ತು ಹತ್ತು ಅಂಕಿಗಳು ಮಾತ್ರ ಇರಬೇಕು. ಪ್ಲಸ್ ಚಿಹ್ನೆಯಾಗಲಿ, ಸೊನ್ನೆಯಾಗಲಿ, ನಡುವೆ ಗೆರೆಯಾಗಲಿ ಇರಬಾರದು. ಪುಟ ಸಿದ್ಧವಾದ ದಿನವೇ ಬೇರೆಯವರ ಎರಡು ಫೋನುಗಳಲ್ಲಿ ಒತ್ತಿ ನೋಡಿದ್ದರೆ ಆ ಮೂರು ವಾರ ಉಳಿಯುತ್ತಿತ್ತು.

ಇನ್ನೊಂದು ತೊಂದರೆ ಒಂದು ವರ್ಷದ ನಂತರ ಬಂತು. ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ತಮ್ಮದೇ ಖಾತೆಯಲ್ಲಿ ನೋಂದಾಯಿಸಿದ್ದರು, ನವೀಕರಣದ ಸಮಯಕ್ಕೆ ಅವರು ಫೋನ್ ತೆಗೆಯಲಿಲ್ಲ. ಹನ್ನೊಂದು ದಿನ ಪುಟ ತೆರೆಯಲಿಲ್ಲ. ಅವರು ಸಿಕ್ಕಿದ ಮೇಲೆ ಹೆಸರನ್ನು ನನ್ನ ಇಮೇಲ್ ಇರುವ ಖಾತೆಗೆ ವರ್ಗಾಯಿಸಿಕೊಂಡೆ. ಡೊಮೇನ್, ಪುಟವನ್ನು ಇಟ್ಟಿರುವ ಹೋಸ್ಟಿಂಗ್ ಮತ್ತು ಗೂಗಲ್ ಪ್ರೊಫೈಲ್, ಈ ಮೂರಕ್ಕೂ ಪಾಸ್‌ವರ್ಡ್ ನಿಮ್ಮ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.

ಆ್ಯಪ್ ಇಲ್ಲದ್ದರಿಂದ ನಾವು ಕಳೆದುಕೊಂಡದ್ದು ನಿಜವಾಗಿ ಒಂದೇ, ಆರು ತಿಂಗಳಾಯಿತು ಸರ್ವಿಸ್ ಮಾಡಿಸಿ ಎಂದು ನೆನಪಿಸುವ ಸೂಚನೆ. ಅದಕ್ಕೆ ವಾಟ್ಸ್ಆ್ಯಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿಯನ್ನು, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ಪಟ್ಟಿಯನ್ನು, ಬಳಸತೊಡಗಿದೆ. ಆದರೆ ನಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲಪುತ್ತದೆಂಬುದು ಮೊದಲ ಸಲ ಕಳುಹಿಸಿದಾಗ ನನಗೆ ತಿಳಿದಿರಲಿಲ್ಲ, ಅರ್ಧದಷ್ಟು ಜನರಿಗೂ ಅದು ಹೋಗಿರಲಿಲ್ಲ. ಈಗ ಹುಡುಗರು ಕೆಲಸ ಮುಗಿಸಿ ಬಿಲ್ ಕೊಡುವಾಗ, "ಅಕ್ಕ, ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ, ಮಳೆ ಮುಗಿದ ಮೇಲೆ ನೆನಪು ಮಾಡ್ತೇವೆ" ಎಂದು ಹೇಳಿ, ಉಳಿಸಿಕೊಂಡದ್ದನ್ನು ನೋಡಿಯೇ ಬರುತ್ತಾರೆ.

ಎಲ್ಲರಿಗೂ ಇದೇ ಉತ್ತರವೆಂದು ನಾನು ಹೇಳುವುದಿಲ್ಲ. ಉಡುಪಿಯಲ್ಲಿ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಮನೆಮನೆಗೆ ಹಾಕುವ ಗೆಳೆಯನೊಬ್ಬನಿದ್ದಾನೆ. ಅವನ ಗ್ರಾಹಕರು ಎರಡು ದಿನಕ್ಕೊಮ್ಮೆ ಹೇಳಬೇಕು, ಖಾಲಿ ಕ್ಯಾನಿನ ಲೆಕ್ಕ ನೋಡಬೇಕು, ತಿಂಗಳ ಹಣ ಕಟ್ಟಬೇಕು. ಅಂಥ ಕಡೆ ಆ್ಯಪ್ ಫೋನಿನಲ್ಲಿ ಉಳಿಯುತ್ತದೆ. ಅವನೂ ನೇರವಾಗಿ ಆ್ಯಪಿಗೆ ಹೋಗದೆ, ಫೋನಿನ ಮುಖಪುಟಕ್ಕೆ ಸೇರಿಸಿಕೊಳ್ಳಬಹುದಾದ ವೆಬ್‌ಸೈಟ್ ಒಂದನ್ನು ಮೊದಲು ಮಾಡಿಸಿದ್ದಾನೆ. ಆರು ತಿಂಗಳಲ್ಲಿ ಎಷ್ಟು ಮನೆಯವರು ಫೋನ್ ಮಾಡುವುದನ್ನು ಬಿಟ್ಟು ಅದರಲ್ಲೇ ಕ್ಯಾನ್ ಹೇಳುತ್ತಾರೆಂದು ನೋಡಿ ಮುಂದಿನ ಹಣ ಹಾಕುವುದಾಗಿ ಹೇಳಿದ್ದಾನೆ.