ಫೋಟೋಗೆ ಅಡ್ಡ ಬಂದ ಕರೆಂಟ್ ವೈರ್ ತೆಗೆಯೋಕೆ
ಸ್ನ್ಯಾಪ್‌ಸೀಡ್ ಅನ್ನೋ ಫೋಟೋ ಎಡಿಟಿಂಗ್ ಆ್ಯಪ್‌ನಲ್ಲಿ ವೈರ್ ಅಳಿಸೋವಾಗ ಮೊದ್ಲು ಚೆನ್ನಾಗಿ ಜೂಮ್ ಮಾಡಿ, ಆಮೇಲೆ ತುಂಡು ತುಂಡಾಗಿ ಉಜ್ಜಿ, ಒಂದೇ ಸಲ ಉದ್ದಕ್ಕೆ ಎಳೀಬೇಡಿ. ಫೋಟೋ ಓಪನ್ ಮಾಡಿ, Tools ಒಳಗೆ Healing ಒತ್ತಿ, ಎರಡು ಬೆರಳಲ್ಲಿ ದೊಡ್ಡದು ಮಾಡ್ಕೊಂಡು ವೈರ್ ಮೇಲೆ ಒಂದು ಬೆರಳಲ್ಲಿ ಸವರಿ, ಕೆಂಪು ಗುರುತು ಬಿದ್ದಿದ್ದಷ್ಟೂ ಬೆರಳು ಎತ್ತಿದ ತಕ್ಷಣ ಮಾಯ. ಜೂಮ್ ಮಾಡಿದಷ್ಟೂ ಫೋಟೋ ಮೇಲೆ ಬ್ರಷ್ ಸಣ್ಣದಾಗುತ್ತೆ, ಅಳಿಸಿದ ಜಾಗಕ್ಕೆ ಅಕ್ಕಪಕ್ಕದ ಬಣ್ಣನೇ ತಂದು ತುಂಬೋದ್ರಿಂದ ಸಣ್ಣ ತುಂಡಾದ್ರೆ ಆಕಾಶ ಆಕಾಶದ ಥರಾನೇ ಇರುತ್ತೆ. ಸರಿ ಬರ್ಲಿಲ್ವಾ, ಕೆಳಗಿನ ಅನ್‌ಡೂ ಬಾಣ ಒತ್ತಿ ಇನ್ನೊಂದು ಕಡೆಯಿಂದ ಸವರಿ. ಕೊನೇಲಿ ಟಿಕ್ ಒತ್ತಿ ಸೇವ್ ಮಾಡಿ. ಆದ್ರೆ ವೈರ್ ಗೋಪುರದ ಕೆತ್ತನೆ ಮೇಲೋ ಯಾರದ್ದಾದ್ರೂ ಮುಖದ ಮೇಲೋ ಹಾದು ಹೋಗಿದ್ರೆ ಇದು ನಡೆಯಲ್ಲ, ಗೊಂಬೆಗಳೆಲ್ಲ ಕಲಸಿದಂಗೆ ಆಗುತ್ತೆ, ಅಂಥ ಕಡೆ ಆಕಾಶದ ಭಾಗ ಮಾತ್ರ ಅಳಿಸಿ ಅಂಚಿನ ಹತ್ರ ನಿಲ್ಲಿಸೋದೇ ವಾಸಿ.