ಹಳೇ ಹಾರ್ಮೋನಿಯಂ ಮಾರುವ ಮುಂಚೆ

ಹೋದ ತಿಂಗಳು ಪಕ್ಕದ ಮನೆಯ ಹುಡುಗ ತನ್ನ ತಾತನ ಹಾರ್ಮೋನಿಯಂ ಮಾರಲು ಹೊರಟಿದ್ದ. "ಒಳ್ಳೆ ಕಂಡೀಷನ್, ಜಾಸ್ತಿ ಬಳಸಿಲ್ಲ" ಅಂತ ಬರೆದು ಒಂದು ಫೋಟೋ ಹಾಕಿದ್ದ. ಫೋನುಗಳು ಬಂದಿದ್ದೇ ಬಂದಿದ್ದು. ಒಳಗೆ ದನಿ ಕೊಡುವ ಹಿತ್ತಾಳೆ ನಾಲಿಗೆ, ಅದೇ ರೀಡು, ಎಷ್ಟಿದೆ, ಗಾಳಿ ಸೋರುತ್ತಾ, ಶ್ರುತಿ ಸರಿಯಿದೆಯಾ? ಅವನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. "ಅಜ್ಜಿ, ನೀವು ಭಜನೆಗೆ ನುಡಿಸ್ತೀರಲ್ಲ, ಸ್ವಲ್ಪ ನೋಡಿ" ಅಂತ ಪೆಟ್ಟಿಗೆ ಹೊತ್ತು ತಂದ.

ಮೊದಲು ಗಾಳಿ ನೋಡಿದೆವು. ಮುಂದಿನ ಎಳೆಯುವ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ ಮುಚ್ಚಿ, ತಿದಿಯನ್ನು ನಾಲ್ಕೈದು ಸಲ ಒತ್ತಿ. ತಿದಿ ಗಟ್ಟಿಯಿದ್ದರೆ ಸ್ವಲ್ಪ ಹೊತ್ತಿಗೆ ಕೈಗೆ ಬಿಗಿ ಸಿಗುತ್ತೆ, ಮುಂದಕ್ಕೆ ಒತ್ತಲು ಆಗುವುದಿಲ್ಲ. ಎಷ್ಟು ಒತ್ತಿದರೂ ಸಲೀಸಾಗಿ ಹೋಗುತ್ತಿದ್ದರೆ ತಿದಿಯೇ ಸೋರುತ್ತಿದೆ ಅಂತ ಅರ್ಥ. ಮಡಿಕೆಯ ಮೂಲೆಗಳಲ್ಲಿ ಕೆನ್ನೆ ಹಿಡಿದು ನೋಡಿ, ತಣ್ಣನೆಯ ಗಾಳಿ ತಾಗುತ್ತೆ. ಆಮೇಲೆ ರೀಡಿನ ಗುಂಡಿಗಳನ್ನು ಎಳೆದು, ಬೆರಳಿಡುವ ಬಿಳಿ, ಕರಿ ಮನೆಗಳಲ್ಲಿ ಯಾವುದನ್ನೂ ಒತ್ತದೆ ಮತ್ತೆ ತಿದಿ ಹಾಕಿ. ಮೊದಲು ಬಿಗಿಯಾಗಿದ್ದದ್ದು ಈಗ ಬುಸ್ ಅಂದರೆ ತಿದಿಯದು ತಪ್ಪಲ್ಲ, ಮನೆಗಳ ಕೆಳಗಿನ ಚರ್ಮದ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಈ ಎರಡು ರಿಪೇರಿಗಳ ಖರ್ಚು ಬೇರೆ ಬೇರೆ. ಅದಕ್ಕೇ "ಗಾಳಿ ಸ್ವಲ್ಪ ಸೋರುತ್ತೆ" ಅಂತಷ್ಟೇ ಬರೆದರೆ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ತಾತನ ಪೆಟ್ಟಿಗೆಯ ತಿದಿ ಗಟ್ಟಿಯಾಗಿತ್ತು. ಆದರೆ ಗುಂಡಿ ಎಳೆದ ಕೂಡಲೇ ಒಂದು ಕರಿ ಮನೆ ಯಾರೂ ಮುಟ್ಟದೆಯೇ ಕೂಗಲು ಶುರುವಾಯಿತು. ಮೇಲಿನ ಹಲಗೆ ತೆಗೆದು ನೋಡಿದರೆ ಅದರ ಸ್ಪ್ರಿಂಗ್ ಜಾರಿತ್ತು. ಕೂರಿಸಿದೆವು, ಕೂಗು ನಿಂತಿತು. ಅದನ್ನೂ ಬರೆಯಪ್ಪ ಅಂದೆ. ಇವತ್ತು ಸರಿಯಾದದ್ದು ನಾಳೆ ಮತ್ತೆ ಜಾರಬಹುದು.

ಆಮೇಲೆ ರೀಡು. ಇದಕ್ಕೆ ಅವಸರ ಬೇಡ. ಒಂದೇ ಗುಂಡಿ ಎಳೆದು, ಎಡಗಡೆಯಿಂದ ಒಂದೊಂದೇ ಮನೆ ಒತ್ತುತ್ತಾ ಬನ್ನಿ. ಬಿಳಿ, ಕರಿ ಯಾವುದನ್ನೂ ಬಿಡಬೇಡಿ. ಬಳಿಕ ಆ ಗುಂಡಿ ಮುಚ್ಚಿ, ಇನ್ನೊಂದನ್ನು ಎಳೆದು ಮತ್ತೆ ಅದೇ ಕೆಲಸ. ಒಂದೊಂದು ಗುಂಡಿ ಒಂದೊಂದು ಸಾಲು ರೀಡಿಗೆ ಗಾಳಿ ಬಿಡುತ್ತೆ. ಎರಡೂ ಒಟ್ಟಿಗೆ ತೆರೆದಿದ್ದರೆ ಒಂದು ಸಾಲಿನ ಸತ್ತ ರೀಡು ಇನ್ನೊಂದು ಸಾಲಿನ ದನಿಯಲ್ಲಿ ಮುಚ್ಚಿಹೋಗುತ್ತೆ. ಜನ ಮೋಸ ಹೋಗುವುದು ಇಲ್ಲೇ. ಯಾವ ಮನೆ ತಡವಾಗಿ ದನಿ ಕೊಡುತ್ತೆ, ಯಾವುದು ಜಿರ್ ಅನ್ನುತ್ತೆ, ಯಾವುದು ಮೂಕ, ಎಲ್ಲ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಜಿರ್ ಅನ್ನುವುದು ಎಷ್ಟೋ ಸಲ ಬರೀ ಧೂಳು. ಆದರೆ ರೀಡನ್ನು ಪಿನ್ನು, ಬ್ಲೇಡಿನಿಂದ ಕೆರೆಯಬೇಡಿ. ಹಿತ್ತಾಳೆಯ ನಾಲಿಗೆ ತುದಿಯಲ್ಲಿ ಸವೆದರೆ ಶ್ರುತಿ ಏರುತ್ತೆ, ಬುಡದಲ್ಲಿ ಸವೆದರೆ ಇಳಿಯುತ್ತೆ. ಕೈ ತಪ್ಪಿದರೆ ಆ ರೀಡು ಹಾಳು.

ಕೊನೆಗೆ ಎರಡೂ ಗುಂಡಿ ಎಳೆದು ಒಂದೇ ಮನೆ ಹಿಡಿದು ಕೇಳಿ. ದನಿ ಅಲೆ ಅಲೆಯಾಗಿ ನಡುಗಿದರೆ ಎರಡು ರೀಡುಗಳ ಶ್ರುತಿ ಕೂಡಿಲ್ಲ. ಫೋನಿನ ಟ್ಯೂನರ್ ಆಪ್ ಇಟ್ಟುಕೊಂಡು A4, ಅಂದರೆ ನಡುವಿನ A ಸ್ವರದ ಮನೆ, 440 ಹರ್ಟ್ಸ್‌ಗೆ ಎಷ್ಟು ಹತ್ತಿರ ಇದೆ ನೋಡಿ, ಆ ಅಂಕಿಯನ್ನೇ ಹಾಕಿ. ಕೊಳಲಿನವರ ಜೊತೆ ನುಡಿಸುವವರಿಗೆ ಅದು ಬೇಕೇ ಬೇಕು.

ಜೊತೆಗೆ ಕೊಡುವ ಸಾಮಾನಿನ ವಿಷಯ ಚಿಕ್ಕದು. ಚೀಲ, ಮೇಲಿನ ಗಾಜು, ತಿದಿಯ ಕೊಕ್ಕೆ ಇವೆಯೋ ಇಲ್ಲವೋ ಅಷ್ಟೇ. ಗುಂಡಿಗಳಲ್ಲಿ ಯಾವುದು ರೀಡಿನದು, ಯಾವುದು ಬರೀ ಶ್ರುತಿ ಹಿಡಿಯುವುದು, ಯಾವುದು ಸುಮ್ನೆ ಅಂದಕ್ಕೆ ಇರುವುದು ಅಂತಲೂ ಹೇಳಿ. ಗುಂಡಿ ಎಣಿಸಿ ರೀಡಿನ ಲೆಕ್ಕ ಹಾಕುವವರಿದ್ದಾರೆ.

ಸಂಜೆ ನಾವಿಬ್ಬರೂ ಕೂತು ಬರೆದದ್ದು ಹೀಗಿತ್ತು:

"39 ಮನೆ, ಎರಡು ಸಾಲು ರೀಡು, ಒಟ್ಟು 78. ಸ್ಕೇಲ್ ಚೇಂಜರ್ ಆಗಲಿ, ಕಪ್ಲರ್ ಆಗಲಿ ಇಲ್ಲ. ತಿದಿ ಗಟ್ಟಿಯಿದೆ, ಬಲ ಮೂಲೆಯಲ್ಲಿ ಹಳೆಯ ಬಟ್ಟೆ ತೇಪೆ ಇದೆ, ಅಲ್ಲಿ ಸೋರುವುದಿಲ್ಲ. ಒಂದು ಕರಿ ಮನೆಯ ಸ್ಪ್ರಿಂಗ್ ಈಗ ಕೂರಿಸಿದ್ದೇವೆ, ಹೊಸದು ಹಾಕಿಲ್ಲ. ಮೇಲಿನ ಸಪ್ತಕದಲ್ಲಿ ಎರಡು ಬಿಳಿ ಮನೆ ಜಿರ್ ಅನ್ನುತ್ತವೆ, ಮೂಕ ರೀಡು ಇಲ್ಲ. A4 ಈಗ 437. ಮಳೆಗಾಲದಲ್ಲಿ ಎಡಗಡೆಯ ಒಂದು ಬಿಳಿ ಮನೆ ಒತ್ತಿದರೆ ಮೇಲೇಳಲು ತಡ ಮಾಡುತ್ತೆ. ಪಾಲಿಶ್ ಎರಡು ಕಡೆ ಹೋಗಿದೆ, ಫೋಟೋದಲ್ಲಿ ಕಾಣುತ್ತೆ. ಚೀಲ ಇದೆ, ಗಾಜಿಲ್ಲ. ಬಂದು ನುಡಿಸಿ ನೋಡಬಹುದು."

ಇದರ ಜೊತೆ, ಎಡದಿಂದ ಬಲಕ್ಕೆ ಎಲ್ಲ ಮನೆ ಒತ್ತಿದ ವಿಡಿಯೋ ಒಂದನ್ನೂ ಹಾಕಿಸಿದೆ. ತಿದಿ ಹಾಕುವ ಕೈ ಕಾಣುವ ಹಾಗೆ, ಹಿಂದೆ ಫ್ಯಾನು, ಟೀವಿ ಏನೂ ಇಲ್ಲದೆ. ಆ ಎರಡು ಜಿರ್ ಮನೆಗಳನ್ನು ಅವನು ಬಿಟ್ಟುಬಿಡಲು ನೋಡಿದ. ನಾನು ಬಿಡಲಿಲ್ಲ, ಮತ್ತೆ ಮೊದಲಿನಿಂದ ತೆಗೆಸಿದೆ.