ಇನ್ನೂ ಸುಸ್ತಿಯಾಗದ ಸಾಲಗಳನ್ನು ಲೆಕ್ಕಕ್ಕೆ ಹಿಡಿದದ್ದು ಹೇಗೆ

ಸಾಲ ಸುಸ್ತಿಯಾಗುತ್ತದೋ ಇಲ್ಲವೋ ಎಂಬುದನ್ನು ಬಿಟ್ಟು, ಯಾವ ತಿಂಗಳಲ್ಲಿ ಆಗುತ್ತದೆ ಎಂದು ಕೇಳಹೊರಟರೆ ಮೊದಲು ಎದುರಾಗುವುದು ದಿನಾಂಕದ ತಕರಾರು. ನಾನು ಸಾಲ ಕೊಟ್ಟ ದಿನದಿಂದ ಎಣಿಕೆ ಶುರುಮಾಡಿದೆ. ಬಾಕಿ 90 ದಿನ ಮುಟ್ಟಿದ ಮೊದಲ ದಿನವನ್ನು ಸುಸ್ತಿಯ ದಿನ ಎಂದು ಹಿಡಿದೆ. ರೈಟ್‌ಆಫ್ ದಿನಾಂಕ ಹಿಡಿದರೆ ಸುಸ್ತಿ ತಿಂಗಳುಗಟ್ಟಲೆ ತಡವಾಗಿ ಆದಂತೆ ಕಾಣುತ್ತದೆ. ದಿನಾಂಕ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯೊಂದಿದೆ. ಮೊದಲ ಕಂತು ಬರಬೇಕಾದ್ದು ಒಂದು ತಿಂಗಳಿಗೆ, ಅದರ ಮೇಲೆ 90 ದಿನ. ಹಾಗಾಗಿ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಮುಂಚೆ ಒಂದು ಸುಸ್ತಿಯೂ ಕಾಣಬಾರದು. ಕಂಡರೆ ಡೇಟಾದಲ್ಲಿ ಏನೋ ಎಡವಟ್ಟಾಗಿದೆ.

ಇನ್ನು ಸೆನ್ಸಾರಿಂಗ್, ಅಂದರೆ ಸುಸ್ತಿ ಕಾಣುವ ಮೊದಲೇ ಸಾಲ ನಮ್ಮ ನೋಟದಿಂದ ಹೊರಹೋಗುವುದು. ಹತ್ತು ಸಾಲ ಇವೆ ಎಂದುಕೊಳ್ಳಿ. 4, 7 ಮತ್ತು 12ನೇ ತಿಂಗಳಲ್ಲಿ ಒಂದೊಂದು ಸುಸ್ತಿಯಾಯಿತು. ಒಂದನ್ನು 6ನೇ ತಿಂಗಳಲ್ಲೇ ಪೂರ್ತಿ ಕಟ್ಟಿ ಮುಗಿಸಿದರು. ಇನ್ನೊಂದು ಕೊಟ್ಟು 9 ತಿಂಗಳಾಗಿದೆ, ಚಾಲ್ತಿಯಲ್ಲಿದೆ. ಉಳಿದ ಐದು 15ರಿಂದ 24 ತಿಂಗಳು ಹಳೆಯವು, ಅವೂ ಚಾಲ್ತಿಯಲ್ಲಿವೆ. ಚಾಲ್ತಿ ಸಾಲದ ಬಗ್ಗೆ ನಮಗೆ ಗೊತ್ತಿರುವುದು ಇಷ್ಟೇ: ಇಂದಿನವರೆಗೆ ಸುಸ್ತಿಯಾಗಿಲ್ಲ. ಅದನ್ನು ‘ಒಳ್ಳೆಯ ಸಾಲ’ ಎಂದು ಬರೆದುಕೊಂಡರೆ 3/10, ಅಂದರೆ 12 ತಿಂಗಳ ಸುಸ್ತಿ 30% ಎಂದಾಗುತ್ತದೆ. 12 ತಿಂಗಳು ತುಂಬದೆ ಕಣ್ಮರೆಯಾದ ಎರಡನ್ನು ಕಿತ್ತುಹಾಕಿದರೆ 3/8, 37.5%. ಎರಡೂ ತಪ್ಪು.

ಸರಿಯಾದ ದಾರಿ ಎಂದರೆ, ಪ್ರತಿ ಸುಸ್ತಿಯ ತಿಂಗಳಲ್ಲೂ ಆಗ ಇನ್ನೂ ಕಣದಲ್ಲಿದ್ದ ಸಾಲಗಳಿಂದ ಭಾಗಿಸುವುದು. ಅದೇ ಆ ತಿಂಗಳ ಹ್ಯಾಜರ್ಡ್. 4ರಲ್ಲಿ ಹತ್ತೂ ಇವೆ: 1/10. 7ರ ಹೊತ್ತಿಗೆ ಒಂದು ಸುಸ್ತಿಯಾಗಿ, ಒಂದು ಮುಗಿದು, ಎಂಟು ಉಳಿದಿವೆ: 1/8. 12ರಲ್ಲಿ ಆರು: 1/6. ಉಳಿಯುವ ಸಾಧ್ಯತೆಗಳನ್ನು ಗುಣಿಸಿ: 0.9 × 0.875 × 0.833 = 0.656. ಸುಸ್ತಿ 34.4%. 9 ತಿಂಗಳ ಸಾಲ ಮೊದಲೆರಡು ಭಾಗಾಕಾರದಲ್ಲಿ ಸೇರಿತು, ಮೂರನೆಯದರಲ್ಲಿ ಸದ್ದಿಲ್ಲದೆ ಹೊರಬಿತ್ತು.

ಆದರೆ ಇಲ್ಲೂ ಒಂದು ಕೊಂಕಿದೆ. 9 ತಿಂಗಳ ಸಾಲ ಮುಂದೆ ಸುಸ್ತಿಯಾಗಬಹುದು. ಪೂರ್ತಿ ಕಟ್ಟಿ ಮುಗಿಸಿದ ಸಾಲ ಇನ್ನೆಂದೂ ಆಗದು. ಎರಡನ್ನೂ ಒಂದೇ ಬಗೆಯಲ್ಲಿ ಸೆನ್ಸಾರ್ ಮಾಡಿದರೆ ಹ್ಯಾಜರ್ಡ್‌ಗೆ ತೊಂದರೆಯಿಲ್ಲ, ಒಟ್ಟು ಶೇಕಡಾವಾರು ಮಾತ್ರ ಉಬ್ಬುತ್ತದೆ. ಮುಕ್ತಾಯವನ್ನೂ ಒಂದು ಘಟನೆಯೆಂದು ಎಣಿಸಿ, ಪ್ರತಿ ಸುಸ್ತಿಯ ಹೊತ್ತಿಗೆ ಉಳಿದಿದ್ದ ಪಾಲನ್ನು ಆಗಿನ ಹ್ಯಾಜರ್ಡ್‌ನಿಂದ ಗುಣಿಸಿ ಕೂಡಿದಾಗ ಬರುವುದು 1 × 1/10 + 0.8 × 1/8 + 0.7 × 1/6, ಅಂದರೆ 31.7%. ನಷ್ಟಕ್ಕೆ ಹಣ ತೆಗೆದಿಡುವ ಲೆಕ್ಕಕ್ಕೆ ನಾನು ಬಳಸಿದ್ದು ಈ ಅಂಕಿಯನ್ನೇ. ಅವಧಿಗೆ ಮುನ್ನ ಸಾಲ ತೀರಿಸುವವರು ಹೆಚ್ಚಿದ್ದಷ್ಟೂ ಈ ಅಂತರ ಬೆಳೆಯುತ್ತದೆ.

ಯಾವ ಗುಣ ಅಪಾಯವನ್ನು ಏರಿಸುತ್ತದೆ ಎಂದು ತಿಳಿಯಲು 1972ರ ಕಾಕ್ಸ್ ಮಾದರಿ. ಅದು ಕೇಳುವ ಪ್ರಶ್ನೆ ಸರಳ: 7ನೇ ತಿಂಗಳಲ್ಲಿ ಕಣದಲ್ಲಿದ್ದ ಎಂಟರಲ್ಲಿ ಸುಸ್ತಿಯಾದದ್ದು ಇದೇ ಏಕೆ?

```python
from lifelines import CoxPHFitter
cph = CoxPHFitter()
cph.fit(df, duration_col="months", event_col="default")
cph.check_assumptions(df)
```

ಕಾಲಂಗಳಲ್ಲಿ ಸಾಲ ಕೊಡುವಾಗ ಗೊತ್ತಿದ್ದುದಷ್ಟೇ ಇರಲಿ: ಸ್ಕೋರ್, ಆದಾಯದಲ್ಲಿ ಕಂತಿನ ಪಾಲು, ಸಾಲದ ಅವಧಿ. ‘ಅತಿ ಹೆಚ್ಚು ವಿಳಂಬದ ದಿನಗಳು’ ಎಂಬ ಕಾಲಂ ನುಸುಳಿದರೆ ಮಾದರಿ ಬೆರಗಾಗುವಷ್ಟು ಚೆನ್ನಾಗಿ ಕಾಣುತ್ತದೆ. ಉತ್ತರವೇ ಪ್ರಶ್ನೆಯೊಳಗೆ ಕೂತಿರುತ್ತದಲ್ಲ. ಕಂತಿನ ಪಾಲಿನ ಗುಣಾಂಕ ಶೇಕಡಾ ಒಂದು ಅಂಶಕ್ಕೆ 0.03 ಬಂದರೆ, ಪಾಲು 10 ಅಂಶ ಏರಿದಾಗ ಹ್ಯಾಜರ್ಡ್ exp(0.3), ಅಂದರೆ 1.35 ಪಟ್ಟು. ಈ ಪಟ್ಟು ಎಲ್ಲ ತಿಂಗಳಿಗೂ ಒಂದೇ ಎಂಬುದು ಮಾದರಿಯ ಊಹೆ.

ಸ್ಕೋರ್ ವಿಷಯದಲ್ಲಿ ಹೆಚ್ಚಾಗಿ ಮುರಿಯುವುದು ಆ ಊಹೆಯೇ. ಅರ್ಜಿಯ ದಿನದ ಸ್ಕೋರ್ ಮೊದಲ ತಿಂಗಳುಗಳಲ್ಲಿ ಚೆನ್ನಾಗಿ ಬೇರ್ಪಡಿಸುತ್ತದೆ, ಬರಬರುತ್ತ ಹಳಸುತ್ತದೆ. ಲಕ್ಷ ಸಾಲಗಳಿದ್ದರೆ ಈ ಊಹೆಯನ್ನು ಪರೀಕ್ಷಿಸುವ `check_assumptions` ಕೊಡುವ ಪಿ-ಮೌಲ್ಯ ಚಿಕ್ಕದಾಗಿಯೇ ಬರುತ್ತದೆ, ಅದನ್ನು ನಂಬಿ ಗಾಬರಿಯಾಗಬೇಕಿಲ್ಲ. ಸುಸ್ತಿಯಾದ ಸಾಲದ ಸ್ಕೋರ್‌ಗೂ ಮಾದರಿ ಆಗ ನಿರೀಕ್ಷಿಸಿದ ಸ್ಕೋರ್‌ಗೂ ಇರುವ ಅಂತರವೇ ಶೋನ್‌ಫೆಲ್ಡ್ ಶೇಷ; ಆ ಶೇಷಗಳ ಗೆರೆ ಸೊನ್ನೆಯ ಸುತ್ತ ಮಟ್ಟವಾಗಿರದೆ ಕಾಲದೊಂದಿಗೆ ಬಾಗುತ್ತಿದೆಯೇ ನೋಡಿ (`show_plots=True` ಕೊಟ್ಟರೆ ಚಿತ್ರ ಬರುತ್ತದೆ).

ಬಾಗುತ್ತಿದ್ದರೆ ನಾನು ಪ್ರತಿ ಸಾಲವನ್ನು 12ನೇ ತಿಂಗಳಲ್ಲಿ ಸೀಳುತ್ತೇನೆ. 18 ತಿಂಗಳಿಗೆ ಸುಸ್ತಿಯಾದ ಸಾಲ ಎರಡು ಸಾಲುಗಳಾಗುತ್ತದೆ: 0ರಿಂದ 12, ಘಟನೆ 0, 12ರಿಂದ 18, ಘಟನೆ 1. ಸ್ಕೋರ್‌ಗೂ ಎರಡು ಕಾಲಂ, ಆಯಾ ಅವಧಿಯಲ್ಲಿ ಮಾತ್ರ ಬೆಲೆ, ಇನ್ನೊಂದರಲ್ಲಿ ಸೊನ್ನೆ. ಇದನ್ನು `CoxTimeVaryingFitter`ಗೆ ಕೊಡಬೇಕು. ಸೊನ್ನೆ ಹಾಕುವ ಮುಂಚೆ ಸ್ಕೋರ್‌ನಿಂದ ಸರಾಸರಿಯನ್ನು ಕಳೆಯುವುದು ಒಳ್ಳೆಯದು. ಸೀಳುವಾಗ 1 ಎರಡೂ ಸಾಲಿಗೆ ನಕಲಾಗಿ ಒಂದೇ ಸುಸ್ತಿ ಎರಡು ಸಲ ಎಣಿಕೆಯಾಗುವುದುಂಟು. ಸೀಳುವ ಮುಂಚಿನ ಮತ್ತು ನಂತರದ ಘಟನೆಗಳ ಮೊತ್ತ ತಾಳೆಯಾಗದಿದ್ದರೆ ಮಾದರಿ ಓಡಿಸಬೇಡಿ.